‘ತನ್ನ’ ಅಂದರೆ ಯಾರ? ತಾನು, ಅವನು, ‘ಕೊಳ್ಳು’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ ಹತ್ತಿರ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಆಫೀಸುಗಳಲ್ಲಿ ಮಲಯಾಳ. ಅರ್ಜಿ, ದೂರು, ವರದಿಗಳನ್ನು ಅತ್ತಿಂದಿತ್ತ ಅನುವಾದ ಮಾಡಿಕೊಡುವುದು ನನ್ನ ಹಳೆಯ ಚಟ. ಜೊತೆಗೆ ಭಾಷಾವಿಜ್ಞಾನ ಓದುವ ಒಂದಷ್ಟು ಮಕ್ಕಳು ಸಂಜೆ ಬಂದು ಕೂರುತ್ತಾರೆ. ಎರಡೂ ಕಡೆ ತಿರುಗಿ ತಿರುಗಿ ಬರುವ ಜಗಳ ಒಂದೇ: ಈ ‘ತನ್ನ’ ಯಾರದ್ದು? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು.

## ಶುರುವಿನವು

ಬೈಂಡಿಂಗ್ ಥಿಯರಿ ಬೈಂಡಿಂಗ್ ಥಿಯರಿ ಅಂತೀರಲ್ಲ, ಒಂದೇ ಉದಾಹರಣೆಯಲ್ಲಿ ಹೇಳ್ತೀರಾ?

ಹೇಳೋಣ. ‘ರಾಜು ರವಿಗೆ ತನ್ನ ಕೊಡೆ ಕೊಟ್ಟ.’ ಕೊಡೆ ಯಾರದ್ದು? ರಾಜುವಿನದ್ದು. ಯಾರೂ ಯೋಚನೆ ಮಾಡುವುದಿಲ್ಲ, ಮೂರನೇ ಕ್ಲಾಸಿನ ಮಗುವೂ ಥಟ್ಟನೆ ಹೇಳುತ್ತದೆ. ಈಗ ‘ತನ್ನ’ ತೆಗೆದು ‘ಅವನ’ ಹಾಕಿ: ‘ರಾಜು ರವಿಗೆ ಅವನ ಕೊಡೆ ಕೊಟ್ಟ.’ ಈಗ ಕೊಡೆ ರವಿಯದ್ದು, ಇಲ್ಲವೇ ಬೇರೆ ಯಾರದ್ದೋ. ಯಾರೂ ನಮಗೆ ಇದನ್ನು ಕಲಿಸಿದ್ದಲ್ಲ. ಹಾಗಿದ್ದರೂ ಎಲ್ಲರಿಗೂ ಗೊತ್ತು.

‘ತನ್ನ’, ‘ಅವನ’ ಇಂಥ ಪದಗಳಿಗೆ ಸ್ವಂತ ಮುಖ ಇಲ್ಲ. ಅವು ಇನ್ನೊಂದು ಪದಕ್ಕೆ ಜೋತು ಬಿದ್ದು ಅರ್ಥ ಪಡೆಯುತ್ತವೆ. ಆ ಇನ್ನೊಂದು ಪದವನ್ನು ನಾನು ಇಲ್ಲಿ ‘ಒಡೆಯ’ ಅಂತ ಕರೆಯುತ್ತೇನೆ. ವಾಕ್ಯದ ಯಾವ ಜಾಗದಲ್ಲಿರುವ ಪದ ಒಡೆಯ ಆಗಬಹುದು, ಎಷ್ಟು ಹತ್ತಿರ ಇರಬೇಕು, ಎಷ್ಟು ದೂರ ಇರಬೇಕು ಅನ್ನುವುದರ ಲೆಕ್ಕವೇ ಬೈಂಡಿಂಗ್ ಥಿಯರಿ. ನಮ್ಮ ಶಾಲೆಯ ವ್ಯಾಕರಣದಲ್ಲಿ ‘ತಾನು, ತಾವು’ ಆತ್ಮಾರ್ಥಕ ಸರ್ವನಾಮ ಅಂತ ಒಂದು ಸಾಲು ಇರುತ್ತಿತ್ತು, ನೆನಪಿದೆಯಾ? ಆ ಸಾಲು ಎಲ್ಲಿ ನಿಲ್ಲಿಸಿತೋ ಅಲ್ಲಿಂದ ಈ ಕಥೆ ಶುರು.

ಮೂರು ನಿಯಮ ಅಂತ ಎಲ್ಲ ಕಡೆ ಬರ್ತದೆ. ಅವು ಯಾವುವು?

ನೋಮ್ ಚಾಮ್‌ಸ್ಕಿ 1981ರಲ್ಲಿ ಕೊಟ್ಟ ರೂಪ ಇದು. ಎ: ಇಂಗ್ಲಿಷಿನ ‘ಹಿಮ್‌ಸೆಲ್ಫ್’ ಥರದ ಪದಕ್ಕೆ ಒಡೆಯ ಹತ್ತಿರದಲ್ಲೇ, ಅದೇ ಸಣ್ಣ ವಾಕ್ಯದೊಳಗೇ ಇರಬೇಕು. ಬಿ: ‘ಹಿಮ್’ ಥರದ ಪದಕ್ಕೆ ಆ ಸಣ್ಣ ವಾಕ್ಯದೊಳಗೆ ಒಡೆಯ ಇರಬಾರದು, ಹೊರಗೆ ಎಲ್ಲಿ ಬೇಕಾದರೂ ಇರಲಿ. ಸಿ: ರಾಜು, ರವಿ ಥರದ ಹೆಸರಿಗೆ ಎಲ್ಲೂ ಒಡೆಯ ಇರಲೇಬಾರದು.

ಮೂರನೆಯದ್ದನ್ನು ನಮ್ಮ ಭಾಷೆಯಲ್ಲೇ ನೋಡಬಹುದು. ‘ಅವನು ರಾಜುವಿನ ಕೊಡೆ ಮರೆತ’ ಅಂದರೆ ಮರೆತವನು ಖಂಡಿತ ರಾಜು ಅಲ್ಲ. ಎರಡನೆಯದ್ದೂ ಸಿಗುತ್ತದೆ: ‘ರಾಜು ಅವನನ್ನು ಬೈದ’ ಅಂದರೆ ಬೈಸಿಕೊಂಡವನು ಬೇರೆಯವನು. ಕಷ್ಟ ಇರುವುದು ಮೊದಲನೆಯದ್ದರಲ್ಲಿ. ‘ಹಿಮ್‌ಸೆಲ್ಫ್’ ಜಾಗದಲ್ಲಿ ಸುಮ್ನೆ ‘ತನ್ನನ್ನು’ ಅಂತ ಇಟ್ಟರೆ ಆಯ್ತು ಅಂದುಕೊಂಡರೆ ಅಲ್ಲೇ ಮುಗ್ಗರಿಸುತ್ತೀರಿ. ಈ ಪುಟದ ಮುಕ್ಕಾಲು ಭಾಗ ಆ ಮುಗ್ಗರಿಕೆಯದ್ದೇ.

‘ರಾಜುವಿನ ಅಪ್ಪ ತನ್ನ ಕೊಡೆ ಮರೆತ.’ ರಾಜುವಿನ ಹೆಸರೇ ಮೊದಲು ಬಂದಿದೆಯಲ್ಲ, ಕೊಡೆ ಅವನದ್ದು ಯಾಕಾಗಬಾರದು?

ಯಾಕಂದರೆ ಇಲ್ಲಿ ಮುಂದೆ ಬಂದದ್ದು, ಹಿಂದೆ ಬಂದದ್ದು ಲೆಕ್ಕಕ್ಕಿಲ್ಲ. ರಾಜು ‘ರಾಜುವಿನ ಅಪ್ಪ’ ಅನ್ನುವ ಗಂಟಿನ ಒಳಗೆ ಕೂತಿದ್ದಾನೆ. ಗಂಟಿನ ಒಳಗಿರುವವನಿಗೆ ಹೊರಗಿನ ‘ತನ್ನ’ ಕಾಣುವುದಿಲ್ಲ. ಇಡೀ ಗಂಟಿಗೆ, ಅಂದರೆ ಅಪ್ಪನಿಗೆ, ಕಾಣುತ್ತದೆ. ಈ ಕಾಣುವಿಕೆಗೆ ಓದುವವರು ಸಿ-ಕಮಾಂಡ್ ಅನ್ನುತ್ತಾರೆ. ವಾಕ್ಯವನ್ನು ಮರದ ಹಾಗೆ ಬರೆದರೆ, ಒಂದು ಕೊಂಬೆಗೆ ತನ್ನ ಪಕ್ಕದ ಕೊಂಬೆ ಮತ್ತು ಅದರ ಕೆಳಗಿನದ್ದೆಲ್ಲ ಕಾಣುತ್ತದೆ, ಅಷ್ಟೇ.

ಇದೇ ಕಾರಣಕ್ಕೆ ‘ಅವನ ಅಪ್ಪ ರಾಜುವಿನ ಕೊಡೆ ತಂದ’ ಅಂದಾಗ ‘ಅವನ’ ಅಂದರೆ ರಾಜುವೇ ಆಗಬಹುದು. ‘ಅವನು ರಾಜುವಿನ ಕೊಡೆ ತಂದ’ದಲ್ಲಿ ಆಗುವುದಿಲ್ಲ. ಎರಡರಲ್ಲೂ ‘ಅವನು’ ರಾಜುವಿಗಿಂತ ಮೊದಲೇ ಬಂದಿದೆ. ವ್ಯತ್ಯಾಸ ಗಂಟಿನದ್ದು.

‘ನೀನು ಬರ್ತೀಯ ತಾನೇ?’ ಇದರ ‘ತಾನೇ’ಗೆ ಒಡೆಯ ಯಾರು?

ಯಾರೂ ಇಲ್ಲ. ಅದು ‘ಅಲ್ವಾ’ ಮಾಡುವ ಕೆಲಸ ಮಾಡುತ್ತಿದೆ, ಸರ್ವನಾಮ ಅಲ್ಲ. ‘ಅವನು ತಾನೇ ಬಂದ’ದ ‘ತಾನೇ’ ಬೇರೆ. ಅದು ಒತ್ತು, ‘ಯಾರೂ ಕರೆಯದೆ’ ಅಥವಾ ‘ಬೇರೆಯವರನ್ನು ಕಳಿಸದೆ’ ಅಂತ. ಕೆಳಗೆ ಎರಡನ್ನೂ ಬಿಟ್ಟಿದ್ದೇನೆ.

## ಸ್ವಲ್ಪ ಒಳಗೆ

‘ರಾಜು ತನ್ನನ್ನು ಹೊಗಳಿದ’ ತಪ್ಪಾ? ನನಗೇನೂ ತಪ್ಪು ಅನಿಸಲ್ಲ.

ಓದಿದರೆ ತಪ್ಪು ಅನಿಸದೇ ಇರಬಹುದು. ಇಂಗ್ಲಿಷಿನಿಂದ ಬಂದ ಬರಹ ಓದಿ ಓದಿ ಕಣ್ಣು ಒಗ್ಗಿರುತ್ತದೆ. ಬಾಯಲ್ಲಿ ಹೇಳಿ ನೋಡಿ. ನಿಮ್ಮ ನೆರೆಮನೆಯವನು ಮದುವೆ ಊಟದಲ್ಲಿ ತನ್ನ ಬಗ್ಗೆಯೇ ಕೊಚ್ಚಿಕೊಂಡ ಅಂತಿಟ್ಟುಕೊಳ್ಳಿ, ಮನೆಗೆ ಬಂದು ಹೆಂಡತಿಗೆ ಹೇಗೆ ಹೇಳುತ್ತೀರಿ? ‘ತನ್ನನ್ನೇ ಹೊಗಳಿಕೊಂಡ’ ಅಂತೀರಿ. ಇಲ್ಲವೇ ‘ತನ್ನನ್ನು ತಾನೇ ಹೊಗಳಿಕೊಂಡ’. ಬರೀ ‘ತನ್ನನ್ನು ಹೊಗಳಿದ’ ಅಂದರೆ ಕೇಳುವವಳು ‘ಯಾರನ್ನು?’ ಅಂತ ಕತ್ತೆತ್ತುತ್ತಾಳೆ.

ಅಂದರೆ ಕನ್ನಡದಲ್ಲಿ ಕ್ರಿಯೆ ಮಾಡಿದವನ ಮೇಲೇ ತಿರುಗಿ ಬೀಳುವಾಗ ಎಲ್ಲೋ ಒಂದು ಕಡೆ ಗುರುತು ಹಾಕಬೇಕು. ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿಸಬಹುದು: ತನ್ನನ್ನು ಹೊಗಳಿಕೊಂಡ. ಸರ್ವನಾಮವನ್ನು ಜೋಡಿ ಮಾಡಬಹುದು: ತನ್ನನ್ನು ತಾನು ಹೊಗಳಿದ. ಎರಡನ್ನೂ ಒಟ್ಟಿಗೆ ಮಾಡಿದರೂ ಅಡ್ಡಿ ಇಲ್ಲ. ಒಂದೂ ಮಾಡದೆ ಬರೀ ‘ತನ್ನನ್ನು’ ಇಟ್ಟರೆ ಅದು ಹತ್ತಿರದ ಕರ್ತೃವನ್ನು ಬಿಟ್ಟು ಹೊರಗೆ ಒಡೆಯನನ್ನು ಹುಡುಕಲು ಹೋಗುತ್ತದೆ. ‘ರಾಜು ತನ್ನನ್ನು ಹೊಗಳಿದ ಅಂತ ರವಿ ಹೇಳಿದ’ ಅಂದ ಕೂಡಲೇ ವಾಕ್ಯ ಸರಿಹೋಗುತ್ತದೆ. ಹೊಗಳಿಸಿಕೊಂಡವನು ರವಿ.

ಸ್ವಲ್ಪ ತಮಾಷೆ ನೋಡಿ. ಇಂಗ್ಲಿಷಿನ ‘ಹಿಮ್‌ಸೆಲ್ಫ್’ ಹತ್ತಿರದವನಿಗೇ ಅಂಟುತ್ತದೆ, ದೂರ ಹೋಗುವುದಿಲ್ಲ. ನಮ್ಮ ‘ತನ್ನನ್ನು’ ಹತ್ತಿರದವನನ್ನು ಕಂಡರೆ ಮುಖ ತಿರುಗಿಸುತ್ತದೆ.

‘ತನ್ನ ಕೊಡೆ’ ಹತ್ತಿರದವನಿಗೆ ಅಂಟುತ್ತೆ, ‘ತನ್ನನ್ನು’ ಅಂಟಲ್ಲ. ಇದೆಂಥ ನ್ಯಾಯ?

‘ಹತ್ತಿರ’ ಅಂದರೆ ಪದ ಎಣಿಸುವುದಲ್ಲ. ಒಂದೇ ಕ್ರಿಯಾಪದದ ಎರಡು ಪಾಲುದಾರರಾ ಅಂತ ನೋಡಬೇಕು. ‘ಹೊಗಳು’ ಕ್ರಿಯೆಗೆ ಇಬ್ಬರು ಪಾಲುದಾರರು: ಹೊಗಳುವವನು, ಹೊಗಳಿಸಿಕೊಳ್ಳುವವನು. ‘ರಾಜು ತನ್ನನ್ನು ಹೊಗಳಿದ’ದಲ್ಲಿ ರಾಜುವೂ ‘ತನ್ನನ್ನು’ವೂ ಆ ಇಬ್ಬರು. ಇಬ್ಬರೂ ಒಂದೇ ಆಗಬೇಕಾದರೆ ಗುರುತು ಬೇಕು.

‘ರಾಜು ತನ್ನ ಕೊಡೆ ಮರೆತ’ದಲ್ಲಿ ಮರೆಯುವವನು ರಾಜು, ಮರೆತದ್ದು ಕೊಡೆ. ‘ತನ್ನ’ ಕೊಡೆಯ ಜೊತೆ ಇದೆ, ‘ಮರೆ’ ಕ್ರಿಯೆಯ ಪಾಲುದಾರ ಅಲ್ಲ. ಹಾಗಾಗಿ ಗುರುತು ಬೇಡ. ‘ರಾಜು ತನ್ನ ಪಕ್ಕ ಹಾವು ನೋಡಿದ’ವೂ ಹಾಗೇ. ನೋಡಿದ್ದು ಹಾವನ್ನು, ‘ತನ್ನ’ ಬರೀ ಜಾಗ ತೋರಿಸುತ್ತದೆ. ಇಲ್ಲಿ ‘ಕೊಳ್ಳು’ ಸೇರಿಸುವ ಅಗತ್ಯವೇ ಬರುವುದಿಲ್ಲ.

ನಿಮ್ಮ ಕಿವಿಗೆ ಕೇಳಿದ್ದು ನನ್ನ ಕಿವಿಗೆ ಕೇಳಲ್ಲ. ಜಗಳ ಇಲ್ಲದೆ ಖಾತ್ರಿ ಮಾಡುವ ದಾರಿ ಇದೆಯಾ?

ಇದೆ. ನನಗೆ ತುಂಬಾ ಇಷ್ಟವಾದ ದಾರಿ. ಬಹುವಚನ ಮರ್ಯಾದೆಯನ್ನು ಬಳಸಿಕೊಳ್ಳುವುದು.

‘ತಾನು’ಗೆ ಗಂಡು ಹೆಣ್ಣು ಭೇದ ಇಲ್ಲ, ಹಾಗಾಗಿ ಲಿಂಗದಿಂದ ಒಡೆಯನನ್ನು ಹಿಡಿಯಲು ಆಗುವುದಿಲ್ಲ. ಆದರೆ ವಚನ ಇದೆ. ಮರ್ಯಾದೆಯವರಿಗೆ ‘ತಮ್ಮ’, ಏಕವಚನದವರಿಗೆ ‘ತನ್ನ’. ಈಗ ಒಬ್ಬ ಹುಡುಗ, ಒಬ್ಬ ಮಾಷ್ಟ್ರು (ನಮ್ಮ ಕಡೆ ಮೇಷ್ಟ್ರಲ್ಲ, ಮಾಷ್ಟ್ರು). ಹುಡುಗನಿಗೆ ಏಕವಚನ, ಮಾಷ್ಟ್ರಿಗೆ ಬಹುವಚನ. ಮೂರು ವಾಕ್ಯ ಮಾಡೋಣ.

‘ಹುಡುಗ ತಮ್ಮನ್ನು ಹೊಗಳಿದ ಅಂತ ಮಾಷ್ಟ್ರು ಹೇಳಿದರು.’ ಸಲೀಸಾಗಿದೆ. ಹೊಗಳಿಕೆ ಮಾಷ್ಟ್ರಿಗೆ.

‘ಹುಡುಗ ತನ್ನನ್ನು ಹೊಗಳಿಕೊಂಡ ಅಂತ ಮಾಷ್ಟ್ರು ಹೇಳಿದರು.’ ಇದೂ ಸಲೀಸು. ಹೊಗಳಿಕೆ ಹುಡುಗನಿಗೇ.

‘ಹುಡುಗ ತನ್ನನ್ನು ಹೊಗಳಿದ ಅಂತ ಮಾಷ್ಟ್ರು ಹೇಳಿದರು.’ ಇಲ್ಲಿ ಎಡವುತ್ತೀರಿ. ‘ತನ್ನನ್ನು’ ಏಕವಚನ, ಹಾಗಾಗಿ ಮಾಷ್ಟ್ರು ಒಡೆಯ ಆಗಲಾರರು. ಉಳಿದವನು ಹುಡುಗ. ಅವನು ತೀರಾ ಹತ್ತಿರ, ‘ಕೊಳ್ಳು’ ಇಲ್ಲ. ಒಡೆಯ ಸಿಗದೆ ‘ತನ್ನನ್ನು’ ಅನಾಥ ಆಗಿ ನೇತಾಡುತ್ತದೆ. ಬಹಳ ಜನ ಈ ವಾಕ್ಯ ಓದಿ ‘ತಮ್ಮನ್ನು ಅಂತ ಇರಬೇಕಿತ್ತಲ್ವಾ?’ ಅಥವಾ ‘ಹೊಗಳಿಕೊಂಡ ಅಂತ ಅಲ್ವಾ?’ ಅಂತ ತಿದ್ದುತ್ತಾರೆ. ಆ ತಿದ್ದುವ ಕೈಯೇ ಸಾಕ್ಷಿ. ನಿಯಮ ಹೇಳದೆ, ವಾಕ್ಯ ಮಾತ್ರ ಕೊಟ್ಟು ನಾಲ್ಕು ಜನರ ಹತ್ತಿರ ಓದಿಸಿ.

ಒಂದು ಎಚ್ಚರಿಕೆ. ನಾಲ್ಕು ಜನರಲ್ಲಿ ಮಾಷ್ಟ್ರನ್ನು ಏಕವಚನದಲ್ಲೇ ನೆನೆಸಿಕೊಳ್ಳುವವರು ಒಬ್ಬರಿದ್ದರೆ ಪರೀಕ್ಷೆ ಕೆಡುತ್ತದೆ. ಪತ್ರಿಕೆಗಳಲ್ಲಿ ‘ಸಚಿವರು ತನ್ನ ಮೇಲಿನ ಆರೋಪ’ ಅಂತ ಬರೆಯುವವರೂ ಇದ್ದಾರೆ. ಅಂಥವರಿಗೆ ಮೂರನೇ ವಾಕ್ಯದಲ್ಲೂ ಮಾಷ್ಟ್ರೇ ಸಿಗುತ್ತಾರೆ.

‘ತನ್ನ’ ಎಷ್ಟು ದೂರ ಹೋಗಬಹುದು? ಮಿತಿ ಇಲ್ವಾ?

ಕೆಳಗಿನ ಗಡಿ ಇದೆ, ಮೇಲಿನ ಗಡಿ ಇಲ್ಲ. ‘ರವಿ ತನ್ನನ್ನು ಹೊಗಳಿದ ಅಂತ ಗೀತಾ ಹೇಳಿದಳು ಅಂತ ರಾಧಾ ನಂಬಿದ್ದಾಳೆ.’ ಇಲ್ಲಿ ಹೊಗಳಿಕೆ ಗೀತಾಗೂ ಆಗಬಹುದು, ರಾಧಾಗೂ ಆಗಬಹುದು. ರವಿಗೆ ಮಾತ್ರ ಆಗದು. ಇನ್ನೂ ಒಂದು ‘ಅಂತ’ ಸೇರಿಸಿದರೆ ಇನ್ನೊಬ್ಬ ಅಭ್ಯರ್ಥಿ ಸಿಗುತ್ತಾನೆ. ಓದುವವನ ತಾಳ್ಮೆ ಮುಗಿಯುವ ತನಕ.

‘ಅಂತ’ ಇಲ್ಲದ ವಾಕ್ಯದಲ್ಲೂ ಹೀಗೇ. ‘ತನ್ನನ್ನು ಬೈದ ಮಾಷ್ಟ್ರ ಹತ್ತಿರ ಗೀತಾ ಮಾತಾಡಲಿಲ್ಲ.’ ಬೈದವರು ಮಾಷ್ಟ್ರು, ಬೈಸಿಕೊಂಡವಳು ಗೀತಾ. ‘ತನ್ನನ್ನು’ ಮೊದಲು ಬಂದಿದೆ, ಗೀತಾ ಆಮೇಲೆ ಬಂದಿದ್ದಾಳೆ, ಆದರೂ ತೊಂದರೆ ಇಲ್ಲ. ಮೇಲೆ ಹೇಳಿದೆನಲ್ಲ, ಲೆಕ್ಕ ಮರದ್ದು, ಸಾಲಿನದ್ದಲ್ಲ.

ಒಡೆಯ ಯಾವಾಗಲೂ ಪ್ರಥಮಾ ವಿಭಕ್ತಿಯಲ್ಲೇ ಇರಬೇಕಾ?

ಇಲ್ಲ. ಕರ್ತೃವಿನ ಜಾಗದಲ್ಲಿದ್ದರೆ ಸಾಕು, ವಿಭಕ್ತಿ ಯಾವುದಾದರೂ ಇರಲಿ. ‘ರವಿಗೆ ತನ್ನ ಮಗಳ ಮೇಲೆ ಕೋಪ ಬಂತು.’ ಮಗಳು ರವಿಯ ಮಗಳೇ. ಇಲ್ಲಿ ‘ರವಿಗೆ’ ಚತುರ್ಥಿ. ಕ್ರಿಯಾಪದ ‘ಬಂತು’ ಹೊಂದಿಕೊಂಡಿರುವುದು ಕೋಪದ ಜೊತೆ. ಹಾಗಿದ್ದರೂ ‘ತನ್ನ’ ರವಿಯನ್ನು ಕರ್ತೃ ಅಂತಲೇ ಗುರುತಿಸುತ್ತದೆ.

ಪಕ್ಕದಲ್ಲಿ ಇದನ್ನಿಡಿ: ‘ರಾಜು ರವಿಗೆ ತನ್ನ ಕೊಡೆ ಕೊಟ್ಟ.’ ಅದೇ ‘ರವಿಗೆ’, ಅದೇ ಚತುರ್ಥಿ. ಆದರೆ ಕೊಡೆ ರವಿಯದ್ದಲ್ಲ. ಇಲ್ಲಿ ರವಿ ಪಡೆಯುವವನು ಮಾತ್ರ. ಹಸಿವು, ಕೋಪ, ನೆನಪು, ಇಷ್ಟ ಇಂಥವುಗಳಲ್ಲಿ ‘-ಗೆ’ ಹಚ್ಚಿಕೊಂಡು ಕೂತವನೇ ಮನೆ ಯಜಮಾನ ಅನ್ನಲು ‘ತನ್ನ’ಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

## ಆಳದವು

ಹಾಗಾದರೆ ‘ಕೊಳ್ಳು’ ಇದ್ದರೆ ಹತ್ತಿರ, ಇಲ್ಲದಿದ್ದರೆ ದೂರ. ಇಷ್ಟು ನೆನಪಿಟ್ಟರೆ ಸಾಕಲ್ವಾ?

ನಾನೂ ಒಂದು ಕಾಲದಲ್ಲಿ ಹೀಗೇ ಹೇಳಿಕೊಡುತ್ತಿದ್ದೆ. ಪೆಟ್ಟು ತಿಂದು ಬಿಟ್ಟೆ.

ಒಬ್ಬ ಅಜ್ಜ ಕನ್ನಡದಲ್ಲಿ ಒಂದು ದೂರು ಬರೆಸಿದ್ದರು. ಅದನ್ನು ಮಲಯಾಳಕ್ಕೆ ಮಾಡಿ ಆಫೀಸಿಗೆ ಕೊಡಬೇಕಿತ್ತು. ನನಗೆ ಜ್ವರ, ಹಾಗಾಗಿ ನನ್ನ ಹತ್ತಿರ ಬರುವ ಹುಡುಗನೊಬ್ಬನಿಗೆ ಕೊಟ್ಟೆ. ಮನೆಯಲ್ಲಿ ಮಲಯಾಳ ಮಾತಾಡುವವನು, ಕನ್ನಡ ಓದಿ ಕಲಿತವನು, ಚುರುಕು. ದೂರಿನ ಮುಖ್ಯ ಸಾಲು ಇದು: ‘ಮಗ ತನ್ನನ್ನು ನೋಡಿಕೊಳ್ಳುತ್ತಿಲ್ಲ ಎಂದು ಅರ್ಜಿದಾರ ದೂರಿದ್ದಾನೆ.’ ಹುಡುಗ ನಾನು ಕಲಿಸಿದ ಸೂತ್ರ ಹಾಕಿದ. ‘ಕೊಳ್ಳು’ ಇದೆ, ಹಾಗಾಗಿ ‘ತನ್ನನ್ನು’ ಹತ್ತಿರದ ಮಗನಿಗೆ. ಮಲಯಾಳದಲ್ಲಿ ಅದು ‘ಮಗ ಸ್ವಂತ ಆರೋಗ್ಯದ ಕಡೆ ಗಮನ ಕೊಡುತ್ತಿಲ್ಲ’ ಅಂತ ಆಯಿತು. ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿಲ್ಲ ಅಂತ ಅಜ್ಜ ದೂರಿದರೆ, ಕಾಗದದ ಮೇಲೆ ಅವರು ಮಗನ ಬಗ್ಗೆ ಮರುಗುವ ತಂದೆ! ಕೊಡುವ ಮೊದಲು ಒಮ್ಮೆ ಓದಿ ಹೇಳಿಸಿಕೊಂಡರು, ಬಚಾವ್. ತಪ್ಪು ಹುಡುಗನದ್ದಲ್ಲ, ನನ್ನ ಸೂತ್ರದ್ದು.

‘ಕೊಳ್ಳು’ ಒಂದೇ ಕೆಲಸ ಮಾಡುವುದಿಲ್ಲ. ‘ಹೊಗಳಿಕೊಂಡ’, ‘ಬೈದುಕೊಂಡ’, ‘ಹೊಡೆದುಕೊಂಡ’ ಇವುಗಳಲ್ಲಿ ಕ್ರಿಯೆಯ ಅರ್ಥ ಅದೇ ಉಳಿದು, ಅದು ಮಾಡಿದವನ ಮೇಲೆ ತಿರುಗುತ್ತದೆ. ‘ನೋಡಿಕೊಳ್ಳು’ದಲ್ಲಿ ಅರ್ಥವೇ ಬೇರೆ: ಕಣ್ಣಿಂದ ನೋಡುವುದಲ್ಲ, ಸಾಕುವುದು, ಆರೈಕೆ ಮಾಡುವುದು. ‘ಕರೆದುಕೊಂಡು ಹೋಗು’, ‘ಮದುವೆ ಮಾಡಿಕೊಳ್ಳು’ ಕೂಡ ಹಾಗೇ. ಇವುಗಳೊಳಗೆ ‘ಕೊಳ್ಳು’ ಕರಗಿ ಹೋಗಿದೆ, ಅದು ತಿರುಗಿಸುವ ಗುರುತಲ್ಲ. ಹಾಗಾಗಿ ‘ಅವನು ತನ್ನನ್ನು ಮದುವೆ ಮಾಡಿಕೊಳ್ಳುತ್ತಾನೆ ಅಂತ ಗೀತಾ ನಂಬಿದ್ದಳು’ ಅಂದರೆ ‘ತನ್ನನ್ನು’ ಗೀತಾಳೇ. ಅವನು ತನ್ನನ್ನೇ ಮದುವೆ ಆಗಲು ಹೊರಟಿಲ್ಲ.

ಗುರುತಿಸುವುದು ಹೇಗೆ? ‘ಕೊಳ್ಳು’ ತೆಗೆದು, ‘ತನ್ನನ್ನು’ ಜಾಗಕ್ಕೆ ಬೇರೆ ಹೆಸರು ಹಾಕಿ. ‘ರಾಜು ರವಿಯನ್ನು ಹೊಗಳಿದ’: ಅದೇ ಹೊಗಳಿಕೆ, ಬೇರೆಯವನ ಮೇಲೆ. ಸರಿ, ಇದು ತಿರುಗಿಸುವ ‘ಕೊಳ್ಳು’. ‘ಮಗ ಅಪ್ಪನನ್ನು ನೋಡುತ್ತಿಲ್ಲ’: ಮಾತೇ ಬದಲಾಯಿತು. ಇನ್ನೊಂದು ತುದಿಯಿಂದಲೂ ನೋಡಿ. ‘ಮಗ ಅಪ್ಪನನ್ನು ನೋಡಿಕೊಳ್ಳುತ್ತಾನೆ’ ಆರಾಮಾಗಿ ಹೇಳಬಹುದು, ‘ರಾಜು ರವಿಯನ್ನು ಹೊಗಳಿಕೊಂಡ’ ಅಂದರೆ ಕಿವಿಗೆ ಒಗ್ಗುವುದಿಲ್ಲ. ‘ಕೊಳ್ಳು’ ಇದ್ದೂ ಬೇರೆಯವರ ಹೆಸರು ಹಿಡಿಸುತ್ತದೆ ಅಂದರೆ ಅದು ಗುರುತಲ್ಲ.

ಇನ್ನು ‘ನೋಡಿಕೊಂಡ’ಕ್ಕೆ ಎರಡೂ ಮುಖ ಇದೆ, ಅದೇ ಪೀಕಲಾಟ. ‘ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ’ದಲ್ಲಿ ಅದು ಅಪ್ಪಟ ತಿರುಗಿಸುವ ‘ಕೊಳ್ಳು’.

‘ತನ್ನನ್ನು ತಾನು ಒರೆಸಿದ’, ‘ತನ್ನನ್ನು ಒರೆಸಿಕೊಂಡ’. ಎರಡೂ ಒಂದೇ ಅಲ್ವಾ?

ಹೆಚ್ಚಿನ ಹೊತ್ತು ಒಂದೇ. ಆದರೆ ಬೇರೆ ಮಾಡುವ ಒಂದು ಸಂದರ್ಭ ಇದೆ. ಇದರ ಮೂಲ ಐಡಿಯಾ ರೇ ಜಾಕೆಂಡಾಫ್ ಅವರದ್ದು. ಮೇಣದ ಗೊಂಬೆಗಳ ಮ್ಯೂಸಿಯಮ್ಮಿಗೆ ಹೋದವನು ತನ್ನದೇ ಗೊಂಬೆ ಎದುರು ನಿಂತರೆ ಸರ್ವನಾಮಗಳು ಏನು ಮಾಡುತ್ತವೆ ಅಂತ 1992ರಲ್ಲಿ ಕೇಳಿದರು. ಜೆಫ್ರಿ ಲಿಡ್ಜ್ ಅದನ್ನು ಕನ್ನಡಕ್ಕೆ ತಂದು 2001ರಲ್ಲಿ ಬರೆದರು. ನಮ್ಮ ‘ಕೊಳ್ಳು’ ಬೈಂಡಿಂಗ್ ಚರ್ಚೆಯಲ್ಲಿ ಹೆಸರು ಮಾಡಿದ್ದು ಹೀಗೆ.

ಮೇಣದ ಗೊಂಬೆ ನಮಗೆ ದೂರ. ಫ್ಲೆಕ್ಸ್ ಹತ್ತಿರ. ಚುನಾವಣೆ ಹೊತ್ತು, ಮಳೆ ಬಂದು ಬಸ್‌ಸ್ಟ್ಯಾಂಡಿನ ಎದುರಿನ ಫ್ಲೆಕ್ಸಿಗೆಲ್ಲ ಕೆಸರು ಹಾರಿದೆ. ಅಭ್ಯರ್ಥಿ ಕಾರಿಳಿದ, ಹೆಗಲ ಮೇಲಿನ ಶಾಲು ತೆಗೆದು ಫ್ಲೆಕ್ಸಿನಲ್ಲಿ ನಗುತ್ತಿರುವ ತನ್ನ ಚಿತ್ರವನ್ನು ಒರೆಸಿದ. ನೋಡಿದವನು ನಗಾಡುತ್ತ ಹೇಳಬಹುದು: ‘ಅಭ್ಯರ್ಥಿ ತನ್ನನ್ನು ತಾನು ಒರೆಸಿದ.’ ನಡೆಯುತ್ತದೆ. ಈಗ ‘ಅಭ್ಯರ್ಥಿ ತನ್ನನ್ನು ಒರೆಸಿಕೊಂಡ’ ಅಂದು ನೋಡಿ. ಫ್ಲೆಕ್ಸ್ ಮಾಯ! ಒದ್ದೆಯಾದ ಅಭ್ಯರ್ಥಿ ಸ್ವಂತ ಮೈ ಒರೆಸಿಕೊಳ್ಳುತ್ತಿದ್ದಾನೆ.

ಲಿಡ್ಜ್ ಇದಕ್ಕೆ ಕೊಟ್ಟ ಕಾರಣ ಚಂದ ಇದೆ. ‘ಕೊಳ್ಳು’ ಕ್ರಿಯಾಪದದೊಳಗೇ ಇಬ್ಬರು ಪಾಲುದಾರರನ್ನು ಒಬ್ಬನೇ ಮಾಡಿಬಿಡುತ್ತದೆ, ನಡುವೆ ಸಂದಿಯೇ ಉಳಿಯುವುದಿಲ್ಲ. ‘ತನ್ನನ್ನು ತಾನು’ ಹಾಗಲ್ಲ. ಪಾಲುದಾರರು ಇಬ್ಬರಾಗಿಯೇ ಇರುತ್ತಾರೆ, ಎರಡನೆಯವನು ಮೊದಲನೆಯವನ ಪ್ರತಿನಿಧಿ ಆಗಬಹುದು: ಅವನೇ, ಅವನ ಗೊಂಬೆ, ಅವನ ಫ್ಲೆಕ್ಸ್.

ಇದರ ಬಿಸಿ ತಟ್ಟಿದ್ದು ರೈನ್‌ಹಾರ್ಟ್ ಮತ್ತು ರೋಯ್‌ಲ್ಯಾಂಡ್ ಅವರ 1993ರ ವಾದಕ್ಕೆ. ಕ್ರಿಯೆ ತಿರುಗಿ ಬೀಳುವುದಾದರೆ ಕ್ರಿಯಾಪದದ ಮೇಲಾದರೂ ಸರ್ವನಾಮದ ಮೇಲಾದರೂ ಗುರುತು ಇರಬೇಕು, ಎರಡೂ ಒಂದೇ ಥರದ ಗುರುತು ಅಂತ ಅವರು ಹೇಳಿದ್ದರು. ಮೊದಲ ನೋಟಕ್ಕೆ ಕನ್ನಡ ಅವರಿಗೇ ಸಾಕ್ಷಿ ಹೇಳಲು ಹುಟ್ಟಿದ ಹಾಗಿದೆ. ಫ್ಲೆಕ್ಸ್ ಎದುರು ನಿಲ್ಲಿಸಿದರೆ ಆ ಎರಡು ಗುರುತು ಒಂದೇ ಅಲ್ಲ ಅಂತ ಗೊತ್ತಾಗುತ್ತದೆ.

ಕೊನೆಗೆ ‘ತಾನು’ ಎ ನಿಯಮದ್ದಾ, ಬಿ ನಿಯಮದ್ದಾ? ಪರೀಕ್ಷೆಗೆ ಏನು ಬರೆಯಲಿ?

ಪರೀಕ್ಷೆಗೆ ನಿಮ್ಮ ಪಾಠ ಮಾಡಿದವರನ್ನು ಕೇಳಿ! ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಯೇ ಹೊಂದುವುದಿಲ್ಲ. ಹತ್ತಿರದ ಪಾಲುದಾರ ಬೇಡ ಅನ್ನುವುದರಲ್ಲಿ ಅದು ‘ಅವನು’ ಥರ, ಬಿ ನಿಯಮ. ಒಡೆಯ ಬೇಕೇ ಬೇಕು, ಸುಮ್ನೆ ಕೈ ತೋರಿಸಿ ‘ತಾನು ಬಂದ’ ಅನ್ನಲಾಗದು ಅನ್ನುವುದರಲ್ಲಿ ‘ಹಿಮ್‌ಸೆಲ್ಫ್’ ಥರ, ಎ ನಿಯಮದ ವಾಸನೆ. ಜೊತೆಗೆ ಕರ್ತೃವೇ ಆಗಬೇಕು ಅನ್ನುವ ಹಟ ಬೇರೆ, ಅದು ಇಬ್ಬರಲ್ಲೂ ಇಲ್ಲ. ‘ತನ್ನನ್ನು ತಾನು’ ಮಾತ್ರ ನಿಜವಾಗಿ ಎ ಪಟ್ಟಿಗೆ ಸೇರುತ್ತದೆ, ಅದು ಎಂದೂ ಹೊರಗೆ ಹೋಗುವುದಿಲ್ಲ.

ಒಡೆಯ ಅದೇ ವಾಕ್ಯದಲ್ಲಿ ಇಲ್ಲದ ‘ತಾನು’ವೂ ಇದೆ. ಕಥೆಗಳಲ್ಲಿ ನೋಡಿರುತ್ತೀರಿ: ‘ರವಿ ಕಟ್ಟೆ ಮೇಲೆ ಕೂತ. ತನ್ನ ತಪ್ಪಾದರೂ ಏನು? ತಾನು ಕೇಳಿದ್ದು ಒಂದು ಸಣ್ಣ ಸಹಾಯ.’ ಎರಡನೇ, ಮೂರನೇ ವಾಕ್ಯದಲ್ಲಿ ರವಿ ಇಲ್ಲ. ಆದರೆ ನಾವು ಅವನ ತಲೆಯೊಳಗೆ ಕೂತಿದ್ದೇವೆ. ಯಾರ ಮನಸ್ಸಿನಿಂದ ಮಾತು ಹೊರಡುತ್ತಿದೆಯೋ ಅವರನ್ನು ಹಿಡಿಯುವ ಇಂಥ ಪದಗಳಿಗೆ ಕ್ಲೋಡ್ ಅಜೆಜ್ 1974ರಲ್ಲಿ ಲೋಗೋಫೋರಿಕ್ ಅಂತ ಹೆಸರಿಟ್ಟರು, ಆಫ್ರಿಕಾದ ಭಾಷೆಗಳನ್ನು ನೋಡುತ್ತ. ನಮ್ಮ ‘ತಾನು’ ಅರ್ಧ ಮರದ ಲೆಕ್ಕ, ಅರ್ಧ ಮನಸ್ಸಿನ ಲೆಕ್ಕ.

‘ತಾನು ಬರುತ್ತೇನೆ ಅಂತ ರವಿ ಹೇಳಿದ.’ ತಾನು ಪ್ರಥಮ ಪುರುಷ, ‘ಬರುತ್ತೇನೆ’ ಉತ್ತಮ ಪುರುಷ. ಇದು ಹೇಗೆ ಒಟ್ಟಿಗೆ ಕೂತಿತು?

ಒಳ್ಳೆ ಕಣ್ಣು. ಬರೀ ‘ತಾನು ಬರುತ್ತೇನೆ’ ಅಂತ ಒಂಟಿ ವಾಕ್ಯ ಹೇಳಲು ಯಾರಿಗೂ ಆಗುವುದಿಲ್ಲ. ‘ಅಂತ ಹೇಳಿದ’ ಕೆಳಗೆ ಮಾತ್ರ ಬರುತ್ತದೆ. ಸರ್ವನಾಮ ವರದಿ ಮಾಡುವವನ ಕಡೆಯಿಂದ ಬಂದಿದೆ, ಕ್ರಿಯಾಪದ ರವಿಯ ಬಾಯಿಂದ ಬಂದಿದೆ. ನೇರ ಮಾತು, ವರದಿ ಮಾತು ಎರಡರ ನಡುವೆ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ತೆಲುಗಿನಲ್ಲೂ, ತಮಿಳಿನ ಕೆಲವು ಬಗೆಗಳಲ್ಲೂ ಹೀಗೆ ಇದೆ.

ನಿಜ ಹೇಳಬೇಕೆಂದರೆ ಮಾತಿನಲ್ಲಿ ನಾವು ‘ನಾನು ಬರ್ತೇನೆ ಅಂತ ರವಿ ಹೇಳಿದ’ ಅಂತಲೇ ಅನ್ನುವುದು ಜಾಸ್ತಿ. ಬರುವವನು ರವಿಯಾ, ಹೇಳುತ್ತಿರುವ ನಾನಾ ಅನ್ನುವುದು ಸಂದರ್ಭಕ್ಕೆ ಬಿಟ್ಟದ್ದು. ಬರಹದಲ್ಲಿ, ಅದರಲ್ಲೂ ದೂರಿನ ಕಾಗದದಲ್ಲಿ, ಆ ಗೊಂದಲ ತಪ್ಪಿಸಲು ‘ತಾನು’ ಬೇಕಾಗುತ್ತದೆ.

ಮಲಯಾಳದಲ್ಲೂ ‘ತಾನ್’ ಇದೆಯಲ್ಲ. ಅದನ್ನೇ ಎತ್ತಿ ಕನ್ನಡದಲ್ಲಿಟ್ಟರೆ ಆಗಲ್ವಾ?

ಅರ್ಧ ದಾರಿ ಆಗುತ್ತದೆ. ‘ರಾಜು ತನ್ನೆ ಅಡಿಚ್ಚು ಎನ್ನ್ ರವಿ ಪರಞ್ಞು’ ಅಂದರೆ ಪೆಟ್ಟು ತಿಂದವನು ರವಿ. ನಮ್ಮ ಹಾಗೇ ದೂರಕ್ಕೆ ಹೋಗುತ್ತದೆ. ರಾಜು ತನ್ನನ್ನೇ ಹೊಡೆದುಕೊಂಡ ಅನ್ನಲು ‘ತನ್ನೆತ್ತನ್ನೆ ಅಡಿಚ್ಚು’ ಅನ್ನಬೇಕು. ಅದು ನಮ್ಮ ‘ತನ್ನನ್ನು ತಾನು’ ಮಾಡುವ ಕೆಲಸ.

ಬೇರೆಯಾಗುವುದು ‘ಕೊಳ್ಳು’ವಿನಲ್ಲಿ. ಮಲಯಾಳದಲ್ಲಿ ಅದೇ ಬೇರಿನ ಪದ ಇದೆ, ಕೆಲಸ ಬೇರೆ. ‘ಞಾನ್ ಚೆಯ್ದೋಳಾಂ’ ಅಂದರೆ ‘ನಾನು ಮಾಡ್ತೇನೆ ಬಿಡು, ನೀನು ತಲೆ ಕೆಡಿಸ್ಕೋಬೇಡ’ ಅಂತ ಭರವಸೆ. ಕ್ರಿಯೆಯನ್ನು ಮಾಡಿದವನ ಮೇಲೆ ತಿರುಗಿಸುವ ಶಕ್ತಿ ಅದಕ್ಕಿಲ್ಲ. ತುಳು ಈ ವಿಷಯದಲ್ಲಿ ನಮ್ಮ ಕಡೆ. ‘ಮಲ್ಪು’ ಮಾಡು, ‘ಮಲ್ತೊಣು’ ಮಾಡಿಕೊ. ಹಾಗಾಗಿ ಮನೆಯಲ್ಲಿ ತುಳು ಮಾತಾಡುವ ಮಕ್ಕಳು ‘ಕೊಳ್ಳು’ ಬಿಡುವುದು ಕಡಿಮೆ, ಮಲಯಾಳದ ಮಕ್ಕಳು ‘ಅವನು ಮುಖ ತೊಳೆದ’ ಅಂತ ಬರೆದು ನನ್ನನ್ನು ‘ಯಾರ ಮುಖ?’ ಅಂತ ಕೇಳುವ ಹಾಗೆ ಮಾಡುತ್ತಾರೆ.

ನಮ್ಮ ಕ್ಲಾಸಿನ ಮಲಯಾಳಿ ಗೆಳೆಯ ನನ್ನನ್ನೇ ‘ತಾನ್’ ಅಂತ ಕರೀತಾನೆ. ಅದು ಬೈಗುಳಾ?

ಅಲ್ಲ ಮಾರಾಯ. ಸಲಿಗೆಯಲ್ಲಿ ‘ನೀನು’ ಅನ್ನಲು ಮಲಯಾಳದಲ್ಲಿ ‘ತಾನ್’ ಅನ್ನುತ್ತಾರೆ. ‘ತಾನ್ ಎವಿಡೆಯಾ?’ ಅಂದರೆ ‘ಎಲ್ಲಿದ್ದೀಯ?’ ಅಷ್ಟೇ. ಹಿರಿಯರಿಗೆ ಹಾಗೆ ಅಂದರೆ ಮಾತ್ರ ಮುಖ ಕೆಂಪಾಗುತ್ತದೆ. ನಮ್ಮಲ್ಲಿ ಅದೇ ಪದದ ಬಹುವಚನ ತಿರುಗಿ ಎದುರಿನವರಿಗೆ ಹೋಗಿದೆ, ಆದರೆ ಮರ್ಯಾದೆ ಹೊತ್ತುಕೊಂಡು: ‘ತಾವು ಯಾವಾಗ ಬಂದಿರಿ?’ ಮರಾಠಿಯ ‘ಆಪಣ’ವೂ ಇದೇ ಕುಳ. ದೂರದ ಒಡೆಯನನ್ನು ಹುಡುಕುವುದೂ ಅದೇ, ಎದುರಿನವರಿಗೆ ಮರ್ಯಾದೆ ಕೊಡುವುದೂ ಅದೇ.

ಈಗ ಮೇಲಿನ ಮಾಷ್ಟ್ರ ಪರೀಕ್ಷೆಗೆ ವಾಪಸ್ ಹೋಗಿ. ‘ಹುಡುಗ ತಮ್ಮನ್ನು ಹೊಗಳಿದ ಅಂತ ಮಾಷ್ಟ್ರು ಹೇಳಿದರು.’ ಇದನ್ನು ಹೆಡ್‌ಮಾಷ್ಟ್ರ ಎದುರು ನಿಂತು ಹೇಳಿದರೆ ಹುಡುಗ ಹೊಗಳಿದ್ದು ಹೆಡ್‌ಮಾಷ್ಟ್ರನ್ನೂ ಆಗಬಹುದು. ಹಾಗಾಗಿ ಪರೀಕ್ಷೆ ಮಾಡುವಾಗ ವಾಕ್ಯವನ್ನು ಕಾಗದದ ಮೇಲೆ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ.